ಡೈ ಸ್ಕ್ಯಾನ್ ಮತ್ತು ಶುಗರ್ ಮಾತ್ರೆ: ಯಾರು ನಿಲ್ಲಿಸಬೇಕು, ಯಾವಾಗ?

'ಡೈ ಹಾಕಿ ಸಿ.ಟಿ. ಮಾಡಿಸಬೇಕು' ಎಂದು ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಸ್ಕ್ಯಾನಿಂಗ್ ಸೆಂಟರ್‌ಗೆ ಫೋನ್ ಮಾಡಿದವರಿಗೆ ಸಾಮಾನ್ಯವಾಗಿ ಮೂರು ಮಾತು ಕೇಳಿಸುತ್ತವೆ. 'ಖಾಲಿ ಹೊಟ್ಟೇಲಿ ಬನ್ನಿ. ಕ್ರಿಯಾಟಿನಿನ್ ರಿಪೋರ್ಟ್ ತನ್ನಿ. ಶುಗರ್ ಇದ್ರೆ ಮಾತ್ರೆ ಎರಡು ದಿನ ಮೊದಲೇ ನಿಲ್ಲಿಸಿಬಿಡಿ.' ಮೊದಲೆರಡನ್ನು ಪಾಲಿಸುವುದು ಸುಲಭ. ಮೂರನೆಯದು ತೊಡಕಿನದು. ಯಾವ ಮಾತ್ರೆ, ಯಾಕೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂಬುದು ಆ ಫೋನಿನಲ್ಲಿ ಇರುವುದಿಲ್ಲ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆಗಿರುವ ತಾಯಿಗೂ ಪೀಣ್ಯದಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಅದೇ ಒಂದು ಸಾಲು. ಇಬ್ಬರ ಕಿಡ್ನಿ ಮಾತ್ರ ಒಂದೇ ಅಲ್ಲ.

ಇಲ್ಲಿ ಶುಗರ್ ಮಾತ್ರೆ ಎಂದರೆ ಮೆಟ್‌ಫಾರ್ಮಿನ್. ಅದಕ್ಕೂ ಡೈಗೂ ರಕ್ತದಲ್ಲಿ ಏನೋ ರಾಸಾಯನಿಕ ಜಗಳ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಸಿ.ಟಿ.ಗೆ ಕೊಡುವ ಡೈ ನೀರಿನಂತೆ ಬಣ್ಣವಿಲ್ಲದ್ದು. ಅದರಲ್ಲಿರುವ ಅಯೋಡಿನ್ ಎಕ್ಸ್-ರೇ ಕಿರಣಗಳನ್ನು ತಡೆಯುವುದರಿಂದ ರಕ್ತನಾಳ, ಗಡ್ಡೆ, ಸೋಂಕಿನ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತವೆ. ಹೊಟ್ಟೆಯ ಸ್ಕ್ಯಾನಿಗೆ ದೊಡ್ಡವರಿಗೆ ಸುಮಾರು 80ರಿಂದ 100 ಮಿಲಿಲೀಟರ್ ಡೈಯನ್ನು ಕೈಯ ನರಕ್ಕೆ ಯಂತ್ರದಿಂದ ತಳ್ಳುತ್ತಾರೆ. ಮೈಯೆಲ್ಲ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ಒಂದು ನಿಮಿಷ ಅನಿಸಿ ಹೋಗುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಒಂದು ದಿನದೊಳಗೆ ಡೈ ಬಹುತೇಕ ಎಲ್ಲವೂ ಮೂತ್ರದಲ್ಲಿ ಹೊರಟುಹೋಗುತ್ತದೆ.

ಮೆಟ್‌ಫಾರ್ಮಿನ್ ಹೊರಹೋಗುವುದೂ ಅದೇ ದಾರಿಯಲ್ಲಿ. ಬೇರೆ ಎಷ್ಟೋ ಔಷಧಗಳನ್ನು ಲಿವರ್ ಒಡೆದು ಹಾಕುತ್ತದೆ, ಇದನ್ನು ಒಡೆಯುವುದಿಲ್ಲ. ನುಂಗಿದ ರೂಪದಲ್ಲೇ ಕಿಡ್ನಿಗೆ ಬಂದು ಮೂತ್ರ ಸೇರುತ್ತದೆ. ಹಾಗಾಗಿ ಕಿಡ್ನಿಯ ಕೆಲಸ ಏಕಾಏಕಿ ಕುಸಿದರೆ ಮಾತ್ರೆ ಮೈಯಲ್ಲೇ ಶೇಖರವಾಗುತ್ತಾ ಹೋಗುತ್ತದೆ. ಹೆಚ್ಚಾದ ಮೆಟ್‌ಫಾರ್ಮಿನ್ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಆಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಇದೇ ಲ್ಯಾಕ್ಟಿಕ್ ಆಸಿಡೋಸಿಸ್. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಆಳವಾದ ವೇಗದ ಉಸಿರಾಟ, ಮಂಪರು ಇದರ ಲಕ್ಷಣಗಳು. ಶುಗರ್ ಚೆಕ್ ಮಾಡಿದರೆ ಕಡಿಮೆಯಾಗಿರಬೇಕೆಂದೇನೂ ಇಲ್ಲ. ಮೀಟರ್ ಸರಿಯಾಗಿದೆ ಎಂದು ಮನೆಯವರು ನಿಶ್ಚಿಂತೆಯಾಗಿ ಕೂತುಬಿಡುವ ಅಪಾಯ ಇರುವುದು ಇಲ್ಲೇ. ಇದು ಬಹಳ ಅಪರೂಪದ ತೊಂದರೆ. ಒಂದು ಲಕ್ಷ ಜನ ವರ್ಷವಿಡೀ ಮಾತ್ರೆ ತೆಗೆದುಕೊಂಡರೆ ಹತ್ತಕ್ಕಿಂತ ಕಡಿಮೆ ಜನರಿಗೆ ಬರುವಂಥದ್ದು. ಆದರೆ ಬಂದರೆ ಐಸಿಯು, ಡಯಾಲಿಸಿಸ್‌ವರೆಗೂ ಹೋಗಬಹುದು.

ಅಂದರೆ ಡೈಯಿಂದ ಮೆಟ್‌ಫಾರ್ಮಿನ್‌ಗೆ ನೇರವಾಗಿ ಏನೂ ಆಗುವುದಿಲ್ಲ. ಡೈಯಿಂದ ಕಿಡ್ನಿಗೆ ಪೆಟ್ಟು ಬಿದ್ದರೆ ಮಾತ್ರ, ಆ ಪೆಟ್ಟಿನ ಮೂಲಕ, ಮೆಟ್‌ಫಾರ್ಮಿನ್ ಅಪಾಯಕಾರಿ ಆಗಬಹುದು. ಹಾಗಾದರೆ ಸ್ಕ್ಯಾನಿಗೆ ಎರಡು ದಿನ ಮೊದಲೇ ಮಾತ್ರೆ ಬಿಡುವುದರಿಂದ ಸಿಗುವ ಲಾಭವೇನು? ಕಿಡ್ನಿ ಚೆನ್ನಾಗಿರುವವರಿಗೆ ಏನೂ ಇಲ್ಲ. ಪೆಟ್ಟು ಬೀಳುವುದಿದ್ದರೆ ಡೈ ಹೋದ ಮೇಲೆ ಬೀಳಬೇಕು. ನಿಲ್ಲಿಸಬೇಕಾದವರು ಸ್ಕ್ಯಾನ್ ಹೊತ್ತಿನಿಂದ ಮುಂದಕ್ಕೆ ನಿಲ್ಲಿಸಬೇಕು. ಇವತ್ತು ಬೆಳಿಗ್ಗೆ ಮಾತ್ರೆ ನುಂಗಿ ಬಂದಿದ್ದಾರೆ ಎಂಬ ಒಂದೇ ಕಾರಣಕ್ಕೆ ಸ್ಕ್ಯಾನ್ ಮುಂದೂಡಿ ಮನೆಗೆ ಕಳಿಸುವುದಕ್ಕೆ ಆಧಾರವಿಲ್ಲ. ಪಾರ್ಶ್ವವಾಯು, ಅಪಘಾತದಂಥ ತುರ್ತಿನಲ್ಲಂತೂ ಇದಕ್ಕಾಗಿ ಒಂದು ನಿಮಿಷವನ್ನೂ ಕಳೆಯಬಾರದು. ಮೊದಲು ಸ್ಕ್ಯಾನ್, ಆಮೇಲೆ ಮಾತ್ರೆಯ ವಿಚಾರ.

ಇಷ್ಟು ಭಯ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಮೆಟ್‌ಫಾರ್ಮಿನ್‌ನ ದಾಯಾದಿ ಫೆನ್‌ಫಾರ್ಮಿನ್ ಎಂಬ ಮಾತ್ರೆ ಲ್ಯಾಕ್ಟಿಕ್ ಆಸಿಡೋಸಿಸ್ ತಂದು ಜನರನ್ನು ಕೊಂದಿತ್ತು. ಅಮೆರಿಕದಲ್ಲಿ ಅದನ್ನು 1977ರಲ್ಲೇ ಹಿಂತೆಗೆದುಕೊಂಡರು. ನಮ್ಮಲ್ಲಿ ನಿಷೇಧ ಬಂದದ್ದು 2003ರಲ್ಲಿ. ಮೆಟ್‌ಫಾರ್ಮಿನ್ ಯುರೋಪಿನಲ್ಲಿ 1957ರಿಂದ ಬಳಕೆಯಲ್ಲಿದ್ದರೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರ ಕೊನೆಗೆ, ಅದೂ ಬಹಳ ಎಚ್ಚರಿಕೆಯ ಮಾತುಗಳೊಂದಿಗೆ. ಡೈ ಹಾಕಿಸಿಕೊಂಡವರೆಲ್ಲ 48 ಗಂಟೆ ಮಾತ್ರೆ ಬಿಡಬೇಕು ಎಂಬ ನಿಯಮ ಆ ಕಾಲದ್ದು. ಡೈ ಬಳಿಕ ಲ್ಯಾಕ್ಟಿಕ್ ಆಸಿಡೋಸಿಸ್ ಬಂತು ಎಂದು ವರದಿಯಾದ ಪ್ರಕರಣಗಳನ್ನು ಮತ್ತೆ ತೆಗೆದು ನೋಡಿದಾಗ ಹೆಚ್ಚಿನವರಿಗೆ ಮೊದಲೇ ಕಿಡ್ನಿ ಕೆಟ್ಟಿತ್ತು. 2013ರ ಹೊತ್ತಿಗೆ ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ಮಿಶಿಗನ್‌ನ ತಂಡಗಳು ಡೈ ಸಿ.ಟಿ. ಆದವರನ್ನು ಡೈ ಇಲ್ಲದ ಸಿ.ಟಿ. ಆದವರೊಂದಿಗೆ ಹೋಲಿಸಿ ನೋಡಿದವು. ಡೈಯ ಮೇಲೆ ಹೊರಿಸಿದ್ದ ಕಿಡ್ನಿ ತೊಂದರೆಗಳಲ್ಲಿ ಬಹುಪಾಲು ಡೈ ಇಲ್ಲದೆಯೂ ಬರುತ್ತಿದ್ದವು. ಕಾಯಿಲೆಯೇ ಅವಕ್ಕೆ ಕಾರಣವಾಗಿತ್ತು. ಕಿಡ್ನಿ ಬಹಳ ಕ್ಷೀಣಿಸಿದವರ ಬಗ್ಗೆ ಮಾತ್ರ ಎಚ್ಚರ ಈಗಲೂ ಉಳಿದಿದೆ.

2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮೆಟ್‌ಫಾರ್ಮಿನ್‌ನ ಸೂಚನೆಗಳನ್ನೇ ಬದಲಿಸಿದರು. ಅಲ್ಲಿಯವರೆಗೆ ಕ್ರಿಯಾಟಿನಿನ್ ಗಂಡಸರಿಗೆ 1.5, ಹೆಂಗಸರಿಗೆ 1.4 ಮುಟ್ಟಿದರೆ ಮಾತ್ರೆಯೇ ಬೇಡ ಎಂದಿತ್ತು. ಈಗ ನೋಡಬೇಕಾದದ್ದು ಇಜಿಎಫ್‌ಆರ್. ವಯಸ್ಸು, ಲಿಂಗ, ಕ್ರಿಯಾಟಿನಿನ್ ಮೂರನ್ನೂ ಸೂತ್ರಕ್ಕೆ ಹಾಕಿ, ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತಿದೆ ಎಂದು ಅಂದಾಜಿಸಿದ ಅಂಕಿ ಅದು.

ಕ್ರಿಯಾಟಿನಿನ್ ಒಂದನ್ನೇ ನೋಡಿದರೆ ಹೇಗೆ ಮೋಸ ಹೋಗುತ್ತೇವೆ ಎಂಬುದಕ್ಕೆ ಒಂದು ಮನೆಯನ್ನು ಊಹಿಸಿಕೊಳ್ಳೋಣ. ವರ್ತೂರಿನ ಕಡೆಯ ಒಂದು ಫ್ಲ್ಯಾಟ್. ಮಗನಿಗೆ 28, ಸಾಫ್ಟ್‌ವೇರ್ ಕೆಲಸ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಅವನ ಕ್ರಿಯಾಟಿನಿನ್ 1.2. ತಾಯಿಗೆ 62, ಹನ್ನೆರಡು ವರ್ಷದಿಂದ ಶುಗರ್. ಅವರದ್ದೂ 1.2. ಎರಡೂ ರಿಪೋರ್ಟಿನಲ್ಲಿ 'ನಾರ್ಮಲ್ 0.6ರಿಂದ 1.2' ಎಂದು ಪಕ್ಕದಲ್ಲಿ ಅಚ್ಚಾಗಿದೆ, ಯಾವ ಗುರುತೂ ಇಲ್ಲ. ಈಗ ಚಾಲ್ತಿಯಲ್ಲಿರುವ 2021ರ ಸೂತ್ರಕ್ಕೆ ಹಾಕಿದರೆ ಮಗನ ಇಜಿಎಫ್‌ಆರ್ ಸುಮಾರು 84, ತಾಯಿಯದ್ದು ಸುಮಾರು 51. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ತ್ಯಾಜ್ಯ. ವಯಸ್ಸಾದ ಹೆಂಗಸಿನ ಮೈಯಲ್ಲಿ ಅದು ತಯಾರಾಗುವುದೇ ಕಡಿಮೆ. ಕಡಿಮೆ ತಯಾರಾಗಿಯೂ ರಕ್ತದಲ್ಲಿ 1.2 ನಿಂತಿದೆ ಎಂದರೆ ಸೋಸುವ ಕೆಲಸ ನಿಧಾನವಾಗಿದೆ ಎಂದರ್ಥ. ಮೈಯಲ್ಲಿ ಮಾಂಸವೇ ಇಲ್ಲದಷ್ಟು ತೆಳ್ಳಗಿರುವ ಹಿರಿಯರಲ್ಲಿ ಇಜಿಎಫ್‌ಆರ್ ಕೂಡ ಇರುವುದಕ್ಕಿಂತ ಚೆನ್ನಾಗಿ ಕಾಣಿಸಬಹುದು. ಜಿಮ್‌ಗೆ ಹೋಗಿ ಕ್ರಿಯಾಟಿನ್ ಪುಡಿ ಕುಡಿಯುವ ಹುಡುಗರಲ್ಲಿ ಇದರ ತಿರುಗುಮುರುಗು.

ಈ ತಾಯಿಗೆ ಹೊಟ್ಟೆಯ ಡೈ ಸಿ.ಟಿ. ಬರೆದಿದ್ದಾರೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಸೆಂಟರ್‌ನವರ ಮಾತು ಕೇಳಿ ಶನಿವಾರದಿಂದಲೇ ಎಲ್ಲ ಮಾತ್ರೆ ನಿಲ್ಲಿಸಲು ಹೊರಟಿದ್ದಾರೆ. ಎಲ್ಲ ಎಂದರೆ ಬಿ.ಪಿ. ಮಾತ್ರೆಯೂ ಸೇರಿ. ಮಗ ತಡೆದು ಚೀಟಿ ಬರೆದ ವೈದ್ಯರಿಗೇ ಫೋನ್ ಮಾಡುತ್ತಾನೆ. ಆ ಫೋನೇ ಈ ಕಥೆಯ ಮುಖ್ಯ ಹೆಜ್ಜೆ. ಮಾತ್ರೆ ಬರೆದವರಿಗೆ ರೋಗಿಯ ಹಿಂದಿನ ಅಂಕಿಗಳು ಗೊತ್ತು, ಸೆಂಟರ್‌ನ ರಿಸೆಪ್ಷನ್‌ನಲ್ಲಿ ಕೂತವರಿಗೆ ಗೊತ್ತಿಲ್ಲ.

51 ಎಂಬ ಅಂಕಿಯ ಬಗ್ಗೆ ತಜ್ಞರಲ್ಲೇ ಎರಡು ಮಾತಿವೆ. ಅಮೆರಿಕ ಮತ್ತು ಯುರೋಪಿನ ರೇಡಿಯಾಲಜಿ ಸಂಘಗಳ ಪ್ರಕಾರ ಇಜಿಎಫ್‌ಆರ್ 30 ಅಥವಾ ಅದಕ್ಕಿಂತ ಮೇಲಿದ್ದು, ಕಿಡ್ನಿಗೆ ಹೊಸದಾಗಿ ಏನೂ ಆಗಿಲ್ಲದಿದ್ದರೆ, ಕೈನರಕ್ಕೆ ಕೊಡುವ ಡೈಗಾಗಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಿಲ್ಲ. 30ಕ್ಕಿಂತ ಕೆಳಗಿದ್ದರೆ ಸ್ಕ್ಯಾನ್ ಹೊತ್ತಿನಿಂದ 48 ಗಂಟೆ ನಿಲ್ಲಿಸಿ, ಕಿಡ್ನಿ ನೋಡಿ, ಆಮೇಲೆ ತೀರ್ಮಾನ. ವಾಸ್ತವದಲ್ಲಿ 30ಕ್ಕಿಂತ ಕೆಳಗಿನವರು ಸ್ಕ್ಯಾನ್ ಇರಲಿ ಬಿಡಲಿ ಮೆಟ್‌ಫಾರ್ಮಿನ್ ತೆಗೆದುಕೊಳ್ಳಲೇಬಾರದು. ಅಮೆರಿಕದ ಔಷಧ ಸೂಚನೆ ಇದಕ್ಕಿಂತ ಬಿಗಿ: 30ರಿಂದ 60ರ ನಡುವಿನವರೂ, ಲಿವರ್ ಕಾಯಿಲೆ, ಅತಿ ಕುಡಿತ, ಹೃದಯ ವೈಫಲ್ಯ ಇರುವವರೂ ಸ್ಕ್ಯಾನ್ ದಿನದಿಂದ ನಿಲ್ಲಿಸಿ 48 ಗಂಟೆಯ ಬಳಿಕ ಕಿಡ್ನಿ ನೋಡಬೇಕು. 60ರ ಮೇಲಿದ್ದು ಈ ತೊಂದರೆಗಳು ಯಾವುದೂ ಇಲ್ಲದವರು ಕೈನರದ ಡೈಗಾಗಿ ಮಾತ್ರೆ ಬಿಡಬೇಕೆಂದು ಇವುಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಫೋನ್ ಸಲಹೆ ಮುಟ್ಟುವುದು ಮಾತ್ರ ಹೆಚ್ಚಾಗಿ ಇವರನ್ನೇ.

ವೈದ್ಯರು ಬಿಗಿಯಾದ ದಾರಿ ಆರಿಸಿಕೊಂಡರು ಎನ್ನೋಣ. ಅದಕ್ಕೆ ಇನ್ನೊಂದು ಕಾರಣವೂ ಇದೆ. ತಾಯಿ ತಿನ್ನುವ ಮಾತ್ರೆಯ ಪಟ್ಟಿಯನ್ನು ಮಗ ಓದಿ ಹೇಳಿದಾಗ ಅದರಲ್ಲಿ ಎರಡು ಔಷಧ ಇದ್ದವು: ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500. ನಮ್ಮಲ್ಲಿ ಮಾರಾಟವಾಗುವ ಶುಗರ್ ಮಾತ್ರೆಗಳಲ್ಲಿ ಇಂಥ ಜೋಡಿಗಳು ಬಹಳ. ಹೆಸರಿನ ಕೊನೆಯಲ್ಲಿ 'ಎಂ' ಅಥವಾ 'ಮೆಟ್' ಎಂದಿದ್ದರೆ ಸಾಮಾನ್ಯವಾಗಿ ಒಳಗೆ ಮೆಟ್‌ಫಾರ್ಮಿನ್ ಇರುತ್ತದೆ. ಎಲ್ಲ ಹೆಸರುಗಳೂ ಹೀಗೆ ಸುಳಿವು ಕೊಡುವುದಿಲ್ಲ, ಪಟ್ಟಿಯ ಹಿಂಬದಿಯ ಸಣ್ಣಕ್ಷರವನ್ನೇ ಓದಬೇಕು. 'ನಾನು ಮೆಟ್‌ಫಾರ್ಮಿನ್ ತಗೊಳ್ಳಲ್ಲ' ಎನ್ನುವವರ ಚೀಲದಲ್ಲಿ ಅದು ಇನ್ನೊಂದು ಹೆಸರಲ್ಲಿ ಕೂತಿರುತ್ತದೆ.

ಸ್ಕ್ಯಾನ್ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿರುವ ಈ ತಾಯಿಗೆ ಆ ಹೊತ್ತಿನ ಅಪಾಯ ಗ್ಲಿಮೆಪಿರೈಡ್. ಅದು ಊಟ ಇದ್ದರೂ ಇಲ್ಲದಿದ್ದರೂ ಇನ್ಸುಲಿನ್ ಬಿಡಿಸುತ್ತದೆ. ತಿಂಡಿ ತಿನ್ನದೆ ಅದನ್ನು ನುಂಗಿ, ಮಾರತ್‌ಹಳ್ಳಿಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು, ಸೆಂಟರ್‌ನಲ್ಲಿ ಇನ್ನೊಂದು ಗಂಟೆ ಕಾದರೆ ಶುಗರ್ ಇಳಿದು ಬೆವರು, ಕೈನಡುಕ, ಕಣ್ಣುಕತ್ತಲೆ ಬರಬಹುದು. ಮೆಟ್‌ಫಾರ್ಮಿನ್ ಒಂದೇ ಆದರೆ ಹಾಗೆ ಇಳಿಸುವುದು ಅಪರೂಪ. ಎರಡು ದಿನ ಮೊದಲೇ ನಿಲ್ಲಿಸುವುದಕ್ಕಿಂತ, ಉಪವಾಸದ ಬೆಳಿಗ್ಗೆ ಈ ಜೋಡಿ ಮಾತ್ರೆಯನ್ನು ಬಿಡುವುದು ಹೆಚ್ಚು ಮುಖ್ಯ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾರೂ ಇದನ್ನು ಫೋನಿನಲ್ಲಿ ಹೇಳುವುದಿಲ್ಲ.

ಹೀಗೆ ಶನಿವಾರ, ಭಾನುವಾರ ಮಾತ್ರೆ ಎಂದಿನಂತೆ. ಸೋಮವಾರ ಬೆಳಿಗ್ಗೆ ಬಿ.ಪಿ. ಮಾತ್ರೆ ಒಂದು ಗುಟುಕು ನೀರಿನಲ್ಲಿ, ಶುಗರ್ ಮಾತ್ರೆ ಇಲ್ಲ. ಸ್ಕ್ಯಾನ್ ಮುಗಿದು ಊಟ. ದಿನವಿಡೀ ಎಂದಿಗಿಂತ ಸ್ವಲ್ಪ ಹೆಚ್ಚು ನೀರು. ಮಂಗಳವಾರವೂ ಜೋಡಿ ಮಾತ್ರೆ ಇಲ್ಲ. ಆದರೆ ಗ್ಲಿಮೆಪಿರೈಡ್ ಒಂದನ್ನೇ ಬಿಡಿಯಾಗಿ ತಿಂಡಿಯ ಜೊತೆ ಕೊಡಲು ವೈದ್ಯರು ಬರೆದಿದ್ದಾರೆ, ಯಾಕೆಂದರೆ ಎರಡನ್ನೂ ಬಿಟ್ಟರೆ ಶುಗರ್ ಏರುತ್ತದೆ. ಬುಧವಾರ ಬೆಳಿಗ್ಗೆ ಮತ್ತೆ ಕ್ರಿಯಾಟಿನಿನ್. 48 ಗಂಟೆ ಎಂಬ ಲೆಕ್ಕಕ್ಕೆ ಅರ್ಥವಿದೆ. ಡೈಯಿಂದ ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಕ್ರಿಯಾಟಿನಿನ್ ಏರುವುದು ಒಂದೆರಡು ದಿನದಲ್ಲಿ ಕಾಣಿಸತೊಡಗುತ್ತದೆ. ಸ್ಕ್ಯಾನ್ ಆದ ಸಂಜೆಯೇ ನೋಡಿ 'ಸರಿಯಾಗಿದೆ' ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಬುಧವಾರದ ಅಂಕಿ 1.3 ಬಂತು ಎನ್ನಿ. ಲ್ಯಾಬಿನ ಸಣ್ಣ ಏರುಪೇರಿನೊಳಗಿನ ವ್ಯತ್ಯಾಸ ಅದು. ಅಂದು ರಾತ್ರಿಯಿಂದಲೇ ಮಾತ್ರೆ ಶುರು. 1.6 ಬಂದಿದ್ದರೆ? ಎರಡು ದಿನದಲ್ಲಿ 0.3 ಅಥವಾ ಹೆಚ್ಚು ಏರಿದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ವೈದ್ಯರು ಲೆಕ್ಕ ಹಾಕುತ್ತಾರೆ. ಆಗ ಮೆಟ್‌ಫಾರ್ಮಿನ್ ಇನ್ನೂ ಬೇಡ, ನೋವಿನ ಮಾತ್ರೆ ಬೇಡ, ಎರಡು ದಿನಕ್ಕೊಮ್ಮೆ ಮತ್ತೆ ಪರೀಕ್ಷೆ. ಇಳಿದು ನಿಂತ ಮೇಲೆ ಇಜಿಎಫ್‌ಆರ್ ಎಷ್ಟಿದೆಯೋ ಅದರ ಮೇಲೆ ಡೋಸ್. 30ರಿಂದ 45ರ ನಡುವೆ ನಿಂತರೆ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಬುಧವಾರದಲ್ಲಿ. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದಿರುತ್ತದೆ, ಎಲ್ಲರ ಗಮನ ಅದರ ಮೇಲೆ. ರಕ್ತ ಕೊಡಲು ಇನ್ನೊಮ್ಮೆ ಹೋಗಬೇಕೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಮತ್ತೆ ಶುರು ಮಾಡಿ ಎಂದೂ ಯಾರೂ ಹೇಳುವುದಿಲ್ಲ. ಎರಡು ದಿನಕ್ಕೆಂದು ಬಿಟ್ಟ ಮಾತ್ರೆ ಎರಡು ವಾರ ನಿಂತು, ಮುಂದಿನ ಭೇಟಿಯಲ್ಲಿ ಶುಗರ್ ಮುನ್ನೂರು ದಾಟಿರುವುದು ಹೀಗೆಯೇ. ನಿಲ್ಲಿಸಿ ಎಂದು ಹೇಳುವವರು ಅದೇ ಚೀಟಿಯಲ್ಲಿ ಪರೀಕ್ಷೆಯ ದಿನವನ್ನೂ, ಶುರು ಮಾಡಲು ಹೇಳುವುದು ಯಾರು ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳುವುದು ಮನೆಯವರ ಹಕ್ಕು.

ಸ್ಕ್ಯಾನ್ ಎಂದ ಮಾತ್ರಕ್ಕೆ ಎಲ್ಲವೂ ಡೈ ಸ್ಕ್ಯಾನ್ ಅಲ್ಲ. ಕಿಡ್ನಿ ಕಲ್ಲಿಗೆ ಮಾಡುವ ಸಾದಾ ಸಿ.ಟಿ.ಯಲ್ಲಿ ಡೈ ಇಲ್ಲ, ಅಲ್ಟ್ರಾಸೌಂಡ್‌ನಲ್ಲಿಯೂ ಇಲ್ಲ. ಎಂ.ಆರ್.ಐ.ಗೆ ಕೊಡುವ ಡೈ ಗ್ಯಾಡೋಲಿನಿಯಂ, ಅಯೋಡಿನ್ ಅಲ್ಲ. ಮಾಮೂಲಿ ಪ್ರಮಾಣದಲ್ಲಿ ಕೊಟ್ಟಾಗ ಅದಕ್ಕಾಗಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕಿಲ್ಲ. ಹೃದಯದ ಆ್ಯಂಜಿಯೋಗ್ರಾಂ ಬೇರೆ ವಿಷಯ. ಅಲ್ಲಿ ಡೈ ಧಮನಿಯೊಳಗೆ ಹೋಗುತ್ತದೆ, ಕ್ಯಾತಿಟರ್ ಮಹಾಧಮನಿಯಲ್ಲಿ ಓಡಾಡುವಾಗ ಕೊಬ್ಬಿನ ತುಣುಕು ಕಳಚಿ ಕಿಡ್ನಿಗೆ ಹೋಗಿ ಸಿಕ್ಕಿಕೊಳ್ಳುವ ಸಾಧ್ಯತೆ ಇರುತ್ತದೆ. ಸ್ಟೆಂಟ್ ಹಾಕಿದರೆ ಡೈ ಪ್ರಮಾಣವೂ ಹೆಚ್ಚು. ಹೀಗಾಗಿ ಆ್ಯಂಜಿಯೋಗ್ರಾಂ ದಿನದಿಂದ 48 ಗಂಟೆ ಮೆಟ್‌ಫಾರ್ಮಿನ್ ಬಿಡಿಸಿ, ಕಿಡ್ನಿ ನೋಡಿ ಶುರು ಮಾಡಿಸುವುದು ಬಳಕೆಯಲ್ಲಿದೆ. ಅಲ್ಲಿ ಹೃದ್ರೋಗ ವೈದ್ಯರು ಹೇಳಿದಂತೆ ನಡೆಯಬೇಕು.

ಇನ್ನು ಪೀಣ್ಯದ ಕಡೆಯ ಕಾರ್ಮಿಕ. ಇವನನ್ನೂ ಊಹಿಸಿಕೊಂಡೇ ನೋಡೋಣ, ಏಕೆಂದರೆ ಸೂತ್ರದ ಅಂಕಿ ದಾರಿ ತಪ್ಪಿಸುವುದು ಇವನಲ್ಲಿ. ವಯಸ್ಸು 55, ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸ, ದಿನಕ್ಕೆರಡು ಬಾರಿ ಮೆಟ್‌ಫಾರ್ಮಿನ್. ಇಎಸ್‌ಐ ಫೈಲಿನಲ್ಲಿ ಮೂರು ತಿಂಗಳ ಹಿಂದಿನ ಕ್ರಿಯಾಟಿನಿನ್ 1.0, ಇಜಿಎಫ್‌ಆರ್ ಸುಮಾರು 89. ಏಪ್ರಿಲ್ ತಿಂಗಳು. ಮೂರು ದಿನದಿಂದ ವಾಂತಿ ಭೇದಿ, ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನ ಡೈಕ್ಲೋಫಿನಾಕ್, ರಜೆ ಹಾಕಿದರೆ ಸಂಬಳ ಕಟ್ಟಾಗುತ್ತದೆಂದು ಎರಡು ದಿನ ಶೆಡ್ಡಿಗೂ ಹೋಗಿದ್ದಾನೆ. ಶುಗರ್ ಮಾತ್ರೆ ಒಂದು ಹೊತ್ತೂ ತಪ್ಪಿಸಿಲ್ಲ. ಹೊಟ್ಟೆನೋವು ತಡೆಯಲಾರದೆ ಆಸ್ಪತ್ರೆಗೆ ಬಂದಾಗ ಡೈ ಸಿ.ಟಿ. ಬೇಕಾಗುತ್ತದೆ. ಅಂದಿನ ಕ್ರಿಯಾಟಿನಿನ್ 1.9.

ಸೂತ್ರ ಇವನಿಗೆ 41 ಎನ್ನುತ್ತದೆ. 30ಕ್ಕಿಂತ ಮೇಲಿದೆ, ಮಾತ್ರೆ ಮುಂದುವರಿಸಬಹುದು ಎಂದು ಓದಿಕೊಂಡರೆ ದೊಡ್ಡ ತಪ್ಪಾಗುತ್ತದೆ. ಸೂತ್ರ ನಿಂತ ನೀರಿನ ಮಟ್ಟವನ್ನು ಅಳೆಯುವಂಥದ್ದು. ಇವನ ಕ್ರಿಯಾಟಿನಿನ್ ನಿಂತಿಲ್ಲ, ಏರುತ್ತಲೇ ಇದೆ. ಕಿಡ್ನಿ ಈ ಗಳಿಗೆಯಲ್ಲಿ ಬಹುತೇಕ ಕೆಲಸ ನಿಲ್ಲಿಸಿದ್ದರೂ ಅಂಕಿ ಅಲ್ಲಿಗೆ ತಲುಪಲು ದಿನಗಳು ಬೇಕು. ಮೂರು ತಿಂಗಳ ಹಿಂದೆ 1.0, ಇಂದು 1.9 ಎಂಬ ಜಿಗಿತವೇ ನಿಜವಾದ ಸುದ್ದಿ. ಹಳೆಯ ರಿಪೋರ್ಟನ್ನೂ ಜೊತೆಗೆ ತನ್ನಿ ಎನ್ನುವುದು ಇದಕ್ಕಾಗಿ. ಒಂದೇ ಕಾಗದ ತಂದವನ ಕಿಡ್ನಿ ಹಿಂದಿನಿಂದಲೇ ಹಾಗಿತ್ತೋ, ಈಗ ಬಿದ್ದದ್ದೋ ಗೊತ್ತಾಗುವುದಿಲ್ಲ.

ಇವನಿಗೆ ಮೆಟ್‌ಫಾರ್ಮಿನ್ ಆ ಕ್ಷಣವೇ ನಿಲ್ಲಬೇಕು. ಸ್ಕ್ಯಾನ್ ರದ್ದಾದರೂ ನಿಲ್ಲಬೇಕು. ವಾಂತಿ ಭೇದಿ ಶುರುವಾದ ಮೊದಲ ದಿನವೇ ಇದನ್ನು ತಾತ್ಕಾಲಿಕವಾಗಿ ಬಿಟ್ಟು ವೈದ್ಯರಿಗೆ ತೋರಿಸಿಕೊಳ್ಳಬೇಕಿತ್ತು. ನೀರು ಇಂಗಿದ ಮೈ, ನೋವಿನ ಮಾತ್ರೆ, ಸೋಂಕು ಮೂರೂ ಸೇರಿ ಕಿಡ್ನಿಯ ರಕ್ತದ ಹರಿವನ್ನು ಇಳಿಸುತ್ತವೆ. ಮೆಟ್‌ಫಾರ್ಮಿನ್ ಜೊತೆಗಿನ ಲ್ಯಾಕ್ಟಿಕ್ ಆಸಿಡೋಸಿಸ್ ಕಾಣಿಸುವುದು ಹೆಚ್ಚಾಗಿ ಇಂಥವರಲ್ಲಿ, ಡೈ ಮುಟ್ಟದವರಲ್ಲಿಯೂ. ಡ್ರಿಪ್ ಹಾಕಿ, ಡೈಕ್ಲೋಫಿನಾಕ್ ಬಿಡಿಸಿ, ರಕ್ತದ ಲ್ಯಾಕ್ಟೇಟ್ ನೋಡುತ್ತಾರೆ. ಜೀವಕ್ಕೆ ಅಗತ್ಯವಿದ್ದರೆ ಡೈ ಸ್ಕ್ಯಾನನ್ನೂ ಮಾಡುತ್ತಾರೆ. ಸ್ಕ್ಯಾನ್ ಮಾಡದೆ ಒಡೆದ ಕರುಳು ತಪ್ಪಿಹೋದರೆ ಆಗುವ ಹಾನಿ ಡೈಯಿಂದ ಆಗಬಹುದಾದ್ದಕ್ಕಿಂತ ದೊಡ್ಡದು. ಆಸ್ಪತ್ರೆಯಲ್ಲಿರುವಷ್ಟು ದಿನ ಶುಗರ್‌ಗೆ ಇನ್ಸುಲಿನ್.

ಐದನೇ ದಿನ ಕ್ರಿಯಾಟಿನಿನ್ 1.2ಕ್ಕೆ ಇಳಿದಿದೆ, ಊಟ ಸೇರುತ್ತಿದೆ, ಡಿಸ್ಚಾರ್ಜ್. ಅಂದೇ ಮೆಟ್‌ಫಾರ್ಮಿನ್ ಕೈಗೆ ಕೊಡುವುದಿಲ್ಲ. ಒಂದು ವಾರ ಬಿಟ್ಟು ಇನ್ನೊಮ್ಮೆ ಕ್ರಿಯಾಟಿನಿನ್ ನೋಡಿ, ಅಂಕಿ ಒಂದೆಡೆ ನಿಂತಿದೆ ಎಂದು ಖಾತ್ರಿಯಾದ ಮೇಲೆ, ಮೊದಲು ದಿನಕ್ಕೊಂದು 500. ಡಿಸ್ಚಾರ್ಜ್ ಚೀಟಿಯಲ್ಲಿ ಆ ಪರೀಕ್ಷೆಯ ತಾರೀಖು, 'ಡೈಕ್ಲೋಫಿನಾಕ್ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ', 'ಮತ್ತೆ ವಾಂತಿ ಭೇದಿಯಾದರೆ ಮೆಟ್‌ಫಾರ್ಮಿನ್ ಅಂದೇ ಬಿಟ್ಟು ಬನ್ನಿ' ಎಂಬ ಮೂರು ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಶೆಡ್ಡಿನ ಕಾರ್ಮಿಕ ಅದನ್ನು ತಾನೇ ಓದಿಕೊಳ್ಳುತ್ತಾನೆ, ಮನೆಯಲ್ಲಿ ಹೆಂಡತಿಗೂ ತೋರಿಸುತ್ತಾನೆ.